ಮೆಮೊರಿ ಇಂಟಿಗ್ರಿಟಿ: ಒಂದು ಹಳದಿ ತ್ರಿಕೋನ, ಎಂಟು ಎಫ್‌ಪಿಎಸ್

ಕಳ್ಳ ಕೋಡ್ ಒಳಗೆ ಓಡದಂತೆ ತಡೆಯುವ ವಿಂಡೋಸ್ 11ರ ಮೆಮೊರಿ ಇಂಟಿಗ್ರಿಟಿ ಬಗ್ಗೆ ನನ್ನ ಮೊದಲ ತಕರಾರು ವೇಗದ್ದಲ್ಲ, ಆ ಹಳದಿ ತ್ರಿಕೋನದ್ದು. ಟಾಸ್ಕ್‌ಬಾರ್ ಮೂಲೆಯಲ್ಲಿ ವಿಂಡೋಸ್ ಸೆಕ್ಯುರಿಟಿ ಗುರಾಣಿಯ ಮೇಲೆ ಕೂತು, ಮೆಮೊರಿ ಇಂಟಿಗ್ರಿಟಿ ಆಫ್ ಇದೆ, ನಿಮ್ಮ ಸಿಸ್ಟಮ್ ಸುರಕ್ಷಿತವಲ್ಲ ಅಂತ ದಿನಾ ಹೆದರಿಸುತ್ತದೆ. ಎಷ್ಟು ದಿನ ನೋಡೋದು? ಆನ್ ಮಾಡಿದೆ. ರೀಸ್ಟಾರ್ಟ್ ಆಯಿತು. ಗೇಮ್ ಹಾಳಾಯಿತು.

ಆಗ ನನ್ನ ಹತ್ತಿರ ಇದ್ದದ್ದು ರೈಜನ್ 5 2600, ಬಿ450 ಬೋರ್ಡ್, ಆರ್‌ಎಕ್ಸ್ 6600. ಕೌಂಟರ್-ಸ್ಟ್ರೈಕ್ 2ರಲ್ಲಿ ಸುಮಾರು 120 ಎಫ್‌ಪಿಎಸ್ ಬರುತ್ತಿತ್ತು, ಅದು 105ರ ಹತ್ತಿರಕ್ಕೆ ಇಳಿಯಿತು. ಸರಾಸರಿ ಇಳಿದದ್ದು ಬಿಡಿ, ಅದನ್ನು ಸಹಿಸಬಹುದು. ಇಬ್ಬರು ಮೂವರು ಒಟ್ಟಿಗೆ ಸ್ಮೋಕ್ ಎಸೆದಾಗ ಚಿತ್ರ ಒಂದು ಕ್ಷಣ ತಡವರಿಸಿ ಮುಂದೆ ಹೋಗುತ್ತಿತ್ತಲ್ಲ, ಅದನ್ನು ಮಾತ್ರ ಸಹಿಸಲು ಆಗಲಿಲ್ಲ. ಕ್ಯಾಪ್‌ಫ್ರೇಮ್‌ಎಕ್ಸ್‌ನಲ್ಲಿ ಅಳೆದರೆ ಅತಿ ನಿಧಾನದ ಕ್ಷಣಗಳ ವೇಗ ತೋರಿಸುವ 1% ಲೋ ಅನ್ನೋ ಅಂಕಿ ಸರಾಸರಿಗಿಂತ ಜಾಸ್ತಿ ಕುಸಿದಿತ್ತು. ಅದೇ ರೆಡ್ ಡೆಡ್ ರಿಡೆಂಪ್ಶನ್ 2ರಲ್ಲಿ ಎಲ್ಲಾ ಸೆಟ್ಟಿಂಗ್ ಏರಿಸಿ ಆಡಿದರೆ ವ್ಯತ್ಯಾಸವೇ ಇಲ್ಲ! ಅಲ್ಲಿ ಏದುಸಿರು ಬಿಡುವುದು ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಆರಾಮಾಗಿ ಕಾಯುತ್ತಿರುತ್ತದೆ.

ಹೀಗೇಕೆ ಅಂತ ಕೆದಕಿದಾಗ ಸಿಟ್ಟು ಸ್ವಲ್ಪ ಬೇರೆ ಕಡೆ ತಿರುಗಿತು. ಈ ಸೌಲಭ್ಯ ಆನ್ ಆದರೆ ವಿಂಡೋಸ್‌ನ ಕೆಳಗೆ ವರ್ಚುವಲ್ ಮಷೀನ್‌ಗಳನ್ನು ನಡೆಸುವ ಹೈಪರ್-ವಿ ಹೈಪರ್‌ವೈಸರ್ ಕೂರುತ್ತದೆ, ನಾವು ಬಳಸುವ ವಿಂಡೋಸ್ ಅದರ ಮೇಲೆ ಓಡುತ್ತದೆ. ಪಕ್ಕದಲ್ಲೇ ಒಂದು ಪುಟ್ಟ ಪ್ರತ್ಯೇಕ ಜಾಗ ಇರುತ್ತದೆ. ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲಿ ಯಾವ ಕೋಡ್ ಓಡಬಹುದು ಅಂತ ಅಲ್ಲಿ ತಪಾಸಣೆ ನಡೆಯುತ್ತದೆ. ತಪಾಸಣೆ ದಾಟಿದ ಮೆಮೊರಿ ಪುಟವನ್ನು ಓಡಿಸಬಹುದು, ಆದರೆ ಅದರೊಳಗೆ ಬರೆಯುವ ಹಾಗಿಲ್ಲ. ಬರೆಯಬಹುದಾದ ಪುಟವನ್ನು ಓಡಿಸುವ ಹಾಗಿಲ್ಲ. ಯಾವುದೋ ಕಳ್ಳ ಡ್ರೈವರ್ ಒಳಗೆ ನುಗ್ಗಿ ತನ್ನ ಕೋಡ್ ತುರುಕಿದರೂ ಅದು ಓಡದಂತೆ ಕಟ್ಟಿಹಾಕುವುದು ಇದರ ಉಪಾಯ.

ಬೆಲೆ ಕೊಡಬೇಕಾದ ಜಾಗಗಳು ಮುಖ್ಯವಾಗಿ ಎರಡು. ಮೊದಲನೆಯದು ವಿಳಾಸ ಹುಡುಕುವ ಕೆಲಸ. ಈಚೆಗೆ ಹುಡುಕಿದ ವಿಳಾಸಗಳನ್ನು ನೆನಪಿಡುವ ಪ್ರೊಸೆಸರ್‌ನ ಟಿಎಲ್‌ಬಿಯಲ್ಲಿ ಮೆಮೊರಿ ವಿಳಾಸ ಸಿಗದಿದ್ದರೆ ಸಾಮಾನ್ಯವಾಗಿ ನಾಲ್ಕು ಹಂತದ ಪಟ್ಟಿ ನೋಡಿದರೆ ಸಾಕು. ಕೆಳಗೆ ಹೈಪರ್‌ವೈಸರ್ ಇದ್ದರೆ ಆ ಒಂದೊಂದು ಹಂತಕ್ಕೂ ಮತ್ತೊಂದು ಪಟ್ಟಿ ನೋಡಬೇಕು, ಕೆಟ್ಟ ಸಂದರ್ಭದಲ್ಲಿ 4 ಇದ್ದದ್ದು 24 ಆಗುತ್ತದೆ. ಇದು ಹೊಸ ಹಳೆ ಎಲ್ಲಾ ಪ್ರೊಸೆಸರ್‌ಗೂ ಇದೆ.

ಎರಡನೆಯದೇ ನನ್ನ 2600ರ ಕಾಲು ಮುರಿದದ್ದು. ಒಂದು ಮೆಮೊರಿ ಪುಟವನ್ನು ಗೇಮ್ ಓಡಿಸಬಹುದು ಆದರೆ ಕರ್ನಲ್ ಓಡಿಸಬಾರದು, ಹೀಗೆ ಬೇರೆ ಬೇರೆ ಅನುಮತಿ ಇಡಲು ಪ್ರೊಸೆಸರ್ ಒಳಗೇ ವ್ಯವಸ್ಥೆ ಬೇಕು. ಇಂಟೆಲ್ ಅದನ್ನು ಎಂಬೆಕ್ ಅನ್ನುತ್ತದೆ, ಏಳನೇ ಜನರೇಶನ್‌ನಿಂದ ಇದೆ. ಎಎಂಡಿಯಲ್ಲಿ ಜಿಮೆಟ್, ಝೆನ್ 2 ಪೀಳಿಗೆಯಿಂದ. 2600 ಇರುವುದು ಝೆನ್ ಪ್ಲಸ್, ಹೆಸರಿಗಷ್ಟೇ ಹತ್ತಿರ. ವ್ಯವಸ್ಥೆ ಇಲ್ಲದ ಪ್ರೊಸೆಸರ್‌ನಲ್ಲಿ ಹೈಪರ್‌ವೈಸರ್ ಅದನ್ನು ಸಾಫ್ಟ್‌ವೇರ್‌ನಲ್ಲೇ ನಟಿಸಬೇಕು. ಗೇಮ್ ಕರ್ನಲ್‌ಗೆ ಹೋಗಿ ಬರುವಾಗೆಲ್ಲಾ ನಡುವೆ ಕೈ ಹಾಕಬೇಕು. ಗೇಮ್ ಅಂದರೆ ಇಂಥ ಓಡಾಟ ಸೆಕೆಂಡಿಗೆ ಲೆಕ್ಕವಿಲ್ಲದಷ್ಟು.

ಇಲ್ಲಿ ನನಗೆ ನಿಜವಾಗಿ ಕೋಪ ಬಂದದ್ದು. 2600 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿದೆ. ಆದರೆ ಮೆಮೊರಿ ಇಂಟಿಗ್ರಿಟಿಯನ್ನು ತಾನಾಗಿ ಆನ್ ಮಾಡಲು ಮೈಕ್ರೋಸಾಫ್ಟ್ ಎಎಂಡಿಯಲ್ಲಿ ಝೆನ್ 2 ಮತ್ತು ನಂತರದ್ದನ್ನೇ ಕೇಳುತ್ತದೆ. ಅಂದರೆ ಈ ಪ್ರೊಸೆಸರ್‌ನಲ್ಲಿ ತಾನಾಗಿ ಆನ್ ಮಾಡುವುದಿಲ್ಲ, ಆಫ್ ಇದ್ದರೆ ಮಾತ್ರ ಹಳದಿ ತ್ರಿಕೋನ ತೋರಿಸಿ ನಮ್ಮನ್ನು ಹೆದರಿಸುತ್ತದೆ. ಇದೆಂಥಾ ನ್ಯಾಯ?

ಕೆಲವು ವಾರ ನನ್ನ ಸಂಜೆಯ ಕೆಲಸ ಹೀಗಿತ್ತು: ಕಾಫಿ ಮಾಡಲು ಏಳುವ ಮುಂಚೆ ಕೋರ್ ಐಸೋಲೇಷನ್ ಪುಟ ತೆರೆದು ಸ್ವಿಚ್ ಆಫ್ ಮಾಡಿ ರೀಸ್ಟಾರ್ಟ್ ಒತ್ತುವುದು, ಡಿಕಾಕ್ಷನ್‌ಗೆ ಹಾಲು ಬೆರೆಸಿ ಬರುವಷ್ಟರಲ್ಲಿ ಸಿಸ್ಟಮ್ ತಯಾರ್. ಆಡಿ ಮುಗಿದ ಮೇಲೆ ಮತ್ತೆ ಆನ್, ಮತ್ತೆ ರೀಸ್ಟಾರ್ಟ್. ಇದು ನನ್ನ ಹುಚ್ಚಲ್ಲ, 2022ರಲ್ಲಿ ಮೈಕ್ರೋಸಾಫ್ಟ್ ತನ್ನ ಸಪೋರ್ಟ್ ಪುಟದಲ್ಲೇ ಗೇಮ್ ಆಡುವವರಿಗೆ ಹೀಗೆ ಆಫ್ ಮಾಡಿ ಆಮೇಲೆ ಆನ್ ಮಾಡಿ ಅಂತ ಬರೆದಿತ್ತು. ಅದೇ ಪುಟದಲ್ಲಿ ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್ ಕೂಡ ಆಫ್ ಮಾಡಬಹುದು ಅಂತಿತ್ತು. ಈ ಎರಡನೇ ಮಾತನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಬಳಸುವವರಲ್ಲಿ ಸ್ವಿಚ್ ಆಫ್ ಮಾಡಿದರೂ ಹೈಪರ್‌ವೈಸರ್ ಕೆಳಗೆ ಓಡುತ್ತಲೇ ಇರುತ್ತದೆ, ಹಾಗಾಗಿ ಎಫ್‌ಪಿಎಸ್ ಪೂರ್ತಿ ವಾಪಸ್ ಬರುವುದಿಲ್ಲ. ಅನುಮಾನ ಇದ್ದರೆ `msinfo32` ತೆರೆದು ಕೆಳಗಿನ `Virtualization-based security` ಸಾಲುಗಳನ್ನು ನೋಡಿ. ಅಲ್ಲೇ ಲಭ್ಯ ಸೌಲಭ್ಯಗಳ ಸಾಲಿನಲ್ಲಿ `Mode Based Execution Control` ಇದ್ದರೆ ನಿಮ್ಮ ಪ್ರೊಸೆಸರ್‌ಗೆ ಆ ವ್ಯವಸ್ಥೆ ಇದೆ ಅಂತ ಅರ್ಥ.

ಆಮೇಲೆ ಹತ್ತು ಸಾವಿರದ ಆಸುಪಾಸಿನಲ್ಲಿ ರೈಜನ್ 5 5600 ಸಿಕ್ಕಿತು. ಬೋರ್ಡ್ ಅದೇ, ಬಯಾಸ್ ಅಪ್‌ಡೇಟ್ ಮಾಡಿ ಕೂರಿಸಿದೆ. ಮೊದಲು ನೋಡಿದ್ದೇ ಆ ಸಾಲು, ಇತ್ತು! ಅದೇ ಮ್ಯಾಪ್, ಅದೇ ಸೆಟ್ಟಿಂಗ್. ಆಫ್ ಇದ್ದಾಗ 160ರ ಹತ್ತಿರ, ಆನ್ ಮಾಡಿದರೆ 152. ಒಂದು ಫ್ರೇಮ್‌ಗೆ 6.25 ಮಿಲಿಸೆಕೆಂಡ್ ಹಿಡಿಯುತ್ತಿದ್ದದ್ದು ಸುಮಾರು 6.6 ಆಯಿತು. ಟಾಮ್ಸ್ ಹಾರ್ಡ್‌ವೇರ್‌ನವರು 2023ರಲ್ಲಿ ಆರ್‌ಟಿಎಕ್ಸ್ 4090 ಇಟ್ಟು ಅಳೆದಾಗಲೂ ಸರಾಸರಿ ನಷ್ಟ 5%ರ ಸುತ್ತಮುತ್ತಲೇ ಬಂದಿತ್ತು. ನನ್ನ ಮಾನಿಟರ್ 144 ಹರ್ಟ್ಸ್. ಆ ಎಂಟು ಫ್ರೇಮ್ ಹೋದದ್ದು ಅಂಕಿಯಲ್ಲಿ ಕಾಣುತ್ತದೆ, ಕಣ್ಣಿಗಂತೂ ಕಾಣಲಿಲ್ಲ. ಸ್ಮೋಕ್‌ನಲ್ಲಿ ತಡವರಿಸುವುದು ನಿಂತಿತು. ನೀವೂ ಅಳೆಯುವುದಾದರೆ ರೆಸಲ್ಯೂಶನ್ ಇಳಿಸಿ ಅಳೆಯಿರಿ, ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡ್ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಬೇಸಿಗೆ ಮಧ್ಯಾಹ್ನ ಒಂದು, ರಾತ್ರಿ ಒಂದು ಅಂತ ಅಳೆಯಬೇಡಿ, ಬಿಸಿಗೇ ಅಷ್ಟು ಏರುಪೇರು ಆಗುತ್ತದೆ.

ಈಗ ಆನ್ ಇಟ್ಟಿದ್ದೇನೆ, ಸುಮ್ನೆ ಅಲ್ಲ. 2022ರಲ್ಲಿ ಗೆನ್‌ಶಿನ್ ಇಂಪ್ಯಾಕ್ಟ್‌ನ ಆಂಟಿ-ಚೀಟ್ ಡ್ರೈವರ್ `mhyprot2.sys` ಹಿಡಿದುಕೊಂಡು ರ‍್ಯಾನ್ಸಮ್‌ವೇರ್‌ನವರು ಆಂಟಿವೈರಸ್ ಅನ್ನೇ ನಿಲ್ಲಿಸಿದ್ದರು. ಗೇಮ್ ಆ ಕಂಪ್ಯೂಟರ್‌ನಲ್ಲಿ ಇರಬೇಕು ಅಂತಲೂ ಇರಲಿಲ್ಲ, ಡ್ರೈವರ್ ಒಂದನ್ನೇ ತಂದು ಹಾಕಿದ್ದರು. ಸಹಿ ಸರಿಯಾಗಿರುವ ಇಂಥ ಡ್ರೈವರ್ ಅನ್ನು ಮೆಮೊರಿ ಇಂಟಿಗ್ರಿಟಿ ಒಂದೇ ತಡೆಯುವುದಿಲ್ಲ, ಆದರೆ ಅದು ಆನ್ ಇದ್ದರೆ ಮೈಕ್ರೋಸಾಫ್ಟ್‌ನ ದುರ್ಬಲ ಡ್ರೈವರ್‌ಗಳ ತಡೆಪಟ್ಟಿಯೂ ಜಾರಿಯಲ್ಲಿರುತ್ತದೆ. ನಾನು ಅಲ್ಲಿ ಇಲ್ಲಿ ಸಿಕ್ಕ ಮಾಡ್ ಹಾಕುವವನು, ನನಗೆ ಬೇಕಾದದ್ದೇ.

ಉಳಿದ ಕಿರಿಕಿರಿ ಒಂದೇ. ಮನೆಯ ಹಳೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನ ಡ್ರೈವರ್ ಹೊಂದುವುದಿಲ್ಲ ಅಂತ ಸ್ವಿಚ್ಚೇ ಮೇಲೇಳಲಿಲ್ಲ. ಆ ಪುಟ ಕೊಟ್ಟ ಹೆಸರು ನೋಡಿಕೊಂಡು `pnputil /enum-drivers` ಪಟ್ಟಿಯಲ್ಲಿ ಅದರ ಓಇಎಮ್ ನಂಬರ್ ಹುಡುಕಿ ತೆಗೆದುಹಾಕಿದೆ:

```
pnputil /delete-driver oem12.inf /uninstall
```

12ರ ಜಾಗದಲ್ಲಿ ನಿಮ್ಮ ನಂಬರ್ ಬರಬೇಕು. ಡಿಸ್ಕ್ ಆ ಡ್ರೈವರ್ ಇಲ್ಲದೆಯೂ ಚೆನ್ನಾಗಿ ಓದುತ್ತಿದೆ.

ಝೆನ್ 2 ಅಥವಾ ಇಂಟೆಲ್ ಏಳನೇ ಜನರೇಶನ್‌ಗಿಂತ ಹಳೆಯದು ಇಟ್ಟುಕೊಂಡು ಗೇಮ್ ಆಡುವವರಿಗೆ ನನ್ನ ಅಂಕ ಐದಕ್ಕೆ ಎರಡು, ಹೊಸದಿದ್ದವರಿಗೆ ನಾಲ್ಕು. ಹಳೇ 2600 ಈಗ ತಮ್ಮನ ಹತ್ತಿರ ಇದೆ. ಅವನು ಬ್ಯಾಂಕ್ ಕೆಲಸವನ್ನೆಲ್ಲಾ ಫೋನ್‌ನಲ್ಲೇ ಮಾಡುತ್ತಾನೆ, ಕಂಪ್ಯೂಟರ್ ಬರೀ ಆಟಕ್ಕೆ. ಅದರಲ್ಲಿ ಆಫ್ ಮಾಡಿ, ಆ ಎಚ್ಚರಿಕೆಗೆ ಡಿಸ್ಮಿಸ್ ಒತ್ತಿ ಕೊಟ್ಟಿದ್ದೇನೆ.