ಇಂಗ್ಲೆಂಡಿನ ಪೇಸ್ಲಿಪ್‌ನಲ್ಲಿ M1 ಉಳಿದಿದ್ದರೆ ‘ಸರಿಪಡಿಸಿದ್ದೇವೆ’ ಎಂಬ ಉತ್ತರವನ್ನು ಒಪ್ಪಬೇಡಿ

ಆರ್ಥಿಕ ವರ್ಷದ ನಡುವೆ ಇಂಗ್ಲೆಂಡಿಗೆ ಬಂದು ಕೆಲಸಕ್ಕೆ ಸೇರುವ ನಮ್ಮವರು ಮೊದಲ ಪೇಸ್ಲಿಪ್ ಕೈಸೇರಿದ ದಿನವೇ ಅದರಲ್ಲಿರುವ, ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕೆಂದು ಸೂಚಿಸುವ ಟ್ಯಾಕ್ಸ್ ಕೋಡನ್ನು ನೋಡಬೇಕು. ಆ ಒಂದು ಕೋಡ್ ತಪ್ಪಿದ್ದರಿಂದ ನನ್ನ ಸಾವಿರದ ನೂರಕ್ಕೂ ಹೆಚ್ಚು ಪೌಂಡ್ ತಿಂಗಳುಗಟ್ಟಲೆ ಸಿಕ್ಕಿಬಿದ್ದಿತ್ತು. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ಪೇರೋಲ್ ತಂಡದವರು ತಪ್ಪನ್ನು ಅರ್ಧ ಮಾತ್ರ ತಿದ್ದಿ ಪೂರ್ತಿ ತಿದ್ದಿದ್ದೇವೆಂದು ಬರೆದರು; ಪೇಸ್ಲಿಪ್ ನೋಡಿದರೆ ಅದು ನಿಜವೆಂದೇ ಕಾಣುತ್ತಿತ್ತು.

ನಾನು ಬೆಂಗಳೂರಿನ ಕೆಲಸವನ್ನು ಮಾರ್ಚ್ ಕೊನೆಗೆ ಬಿಟ್ಟು, ವೀಸಾ ಕೈಗೆ ಬಂದ ಮೇಲೆ 2025ರ ಸೆಪ್ಟೆಂಬರ್ ಮೊದಲ ದಿನ ಲೀಡ್ಸ್‌ನ ಒಂದು ಸಂಸ್ಥೆಗೆ ಸೇರಿದೆ. ವಾರ್ಷಿಕ ಸಂಬಳ 42,000 ಪೌಂಡ್, ಅಂದರೆ ತಿಂಗಳಿಗೆ 3,500. ಸೇರುವ ಮೊದಲೇ ‘ಸ್ಟಾರ್ಟರ್ ಚೆಕ್‌ಲಿಸ್ಟ್’ ಎಂಬ ಅರ್ಜಿಯನ್ನು ತುಂಬಿ ಕಳುಹಿಸಿದ್ದೆ. ಅದರಲ್ಲಿ ಎ, ಬಿ, ಸಿ ಎಂಬ ಮೂರು ಹೇಳಿಕೆಗಳಿದ್ದು, ಒಂದನ್ನು ಆರಿಸಬೇಕು. ಏಪ್ರಿಲ್ 6ರ ನಂತರ ಇದೇ ಮೊದಲ ಕೆಲಸವಾಗಿದ್ದು ಅಲ್ಲಿಯ ಸರ್ಕಾರದ ತೆರಿಗೆಗೊಳಪಡುವ ಭತ್ಯೆಯನ್ನಾಗಲಿ ಯಾವುದೇ ಪಿಂಚಣಿಯನ್ನಾಗಲಿ ಪಡೆಯದವರು ಆರಿಸಬೇಕಾದದ್ದು ಎ. ನಾನು ಅದನ್ನೇ ಗುರುತಿಸಿದ್ದೆ.

ಆದರೂ ಸೆಪ್ಟೆಂಬರ್ ಪೇಸ್ಲಿಪ್‌ನಲ್ಲಿ 0T M1 ಎಂಬ ಕೋಡ್ ಇತ್ತು. ಆದಾಯ ತೆರಿಗೆ ಸುಮಾರು 771 ಪೌಂಡ್, ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತೆಯ ವಂತಿಗೆ 196 ಪೌಂಡ್ ಕಡಿತವಾಗಿತ್ತು. ಎರಡನೆಯದರಲ್ಲಿ ತಪ್ಪಿಲ್ಲ, ಅದನ್ನು ಆಯಾ ಸಂಬಳದ ಅವಧಿಗೇ ಲೆಕ್ಕ ಹಾಕುತ್ತಾರೆ, ಆದ್ದರಿಂದ ಅದರ ಬಗ್ಗೆ ತಕರಾರು ಎತ್ತಿ ಪತ್ರವನ್ನು ಗೋಜಲು ಮಾಡಬೇಡಿ. ತಪ್ಪಿದ್ದದ್ದು 771ರಲ್ಲಿ. ಹೊಸಬರ ಬಗ್ಗೆ ಯಾವ ಮಾಹಿತಿಯೂ ದಾಖಲಾಗದಿದ್ದಾಗ ಸಂಸ್ಥೆ ಬಳಸುವ ಕೋಡ್ 0T M1. ಅದರಲ್ಲಿ ತೆರಿಗೆರಹಿತ ಮೊತ್ತವೇ ಇರುವುದಿಲ್ಲ. ಮೊದಲ ಪೌಂಡಿನಿಂದಲೇ ಶೇಕಡಾ 20 ಹಿಡಿದು, ಸುಮಾರು 3,142 ಪೌಂಡ್ ದಾಟಿದ ಭಾಗಕ್ಕೆ ಶೇಕಡಾ 40 ಹಿಡಿಯುತ್ತಾರೆ.

ಎ ಹೇಳಿಕೆಗೆ ಸಿಗಬೇಕಾದ ಕೋಡ್ 1257L. ವರ್ಷಕ್ಕೆ 12,570 ಪೌಂಡ್ ತೆರಿಗೆರಹಿತ, ಅಂದರೆ ತಿಂಗಳಿಗೆ 1,047.50. ಇದು ಸಂಚಿತ ಲೆಕ್ಕದ ಕೋಡ್ ಆದ್ದರಿಂದ ಏಪ್ರಿಲ್‌ನಿಂದ ಬಳಕೆಯಾಗದೆ ಉಳಿದ ತಿಂಗಳುಗಳ ಪಾಲೂ ಜೊತೆಗೆ ಸೇರುತ್ತದೆ. ಸೆಪ್ಟೆಂಬರ್ ಕೊನೆಯ ಸಂಬಳ ತೆರಿಗೆ ವರ್ಷದ ಆರನೆಯ ತಿಂಗಳದ್ದು. ಆ ಹೊತ್ತಿಗೆ 6,285 ಪೌಂಡ್‌ವರೆಗೆ ತೆರಿಗೆ ಇಲ್ಲ. ನನಗೆ ಬಂದದ್ದು 3,500. ಹಾಗಾಗಿ ನಾನು ಕೊಡಬೇಕಿದ್ದ ತೆರಿಗೆ ಸೊನ್ನೆ. ಅಕ್ಟೋಬರ್‌ಗೂ ಸೊನ್ನೆಯೇ, ಏಕೆಂದರೆ ಒಟ್ಟು ಸಂಬಳ 7,000 ಆಗಿದ್ದಾಗ ತೆರಿಗೆರಹಿತ ಮೊತ್ತ 7,332.50 ಆಗಿರುತ್ತದೆ. ಪಿಂಚಣಿಯ ಕಡಿತವನ್ನು ಈ ಲೆಕ್ಕದಲ್ಲಿ ನಾನು ಹಿಡಿದಿಲ್ಲ.

ಪೇರೋಲ್‌ನವರಿಗೆ ಮಿಂಚಂಚೆ ಬರೆದೆ. ಬಂದ ಉತ್ತರ ಒಂದೇ ಸಾಲಿನದು: ಟ್ಯಾಕ್ಸ್ ಕೋಡ್ ಕೊಡುವುದು ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿ, ಅವರನ್ನೇ ಕೇಳಿ. ಇದು ಅರ್ಧ ಸತ್ಯ. ಇಲಾಖೆ ಕೋಡ್ ಕಳುಹಿಸಿದ ಮೇಲೆ ಸಂಸ್ಥೆ ಅದನ್ನು ತನ್ನಿಷ್ಟಕ್ಕೆ ಬದಲಿಸುವಂತಿಲ್ಲ, ನಿಜ. ಆದರೆ ಇಲಾಖೆಯಿಂದ ಇನ್ನೂ ಯಾವ ಕೋಡೂ ಬಂದಿರದಿದ್ದರೆ, ಉದ್ಯೋಗಿ ಸಹಿ ಮಾಡಿಕೊಟ್ಟ ಹೇಳಿಕೆಯ ಪ್ರಕಾರ ಕೋಡ್ ಹಾಕಬೇಕಾದದ್ದು ಸಂಸ್ಥೆಯೇ. ಇಲಾಖೆಗೆ ಫೋನ್ ಮಾಡಿ ಕೇಳಿದಾಗ, ನನ್ನ ವಿಷಯದಲ್ಲಿ ಕೋಡ್ ಕಳುಹಿಸಿಯೇ ಇಲ್ಲವೆಂದು ತಿಳಿಯಿತು. ಈ ಓಡಾಟದಲ್ಲಿ ಅಕ್ಟೋಬರ್ ಸಂಬಳದ ಗಡುವು ಮುಗಿದು, ಇನ್ನೊಂದು 771 ಪೌಂಡ್ ಹೋಯಿತು.

ನವೆಂಬರ್‌ಗೆ ಮುಂಚೆ ಪೇರೋಲ್‌ನವರು ‘ನಿಮ್ಮ ಚೆಕ್‌ಲಿಸ್ಟ್ ದಾಖಲಿಸಿದ್ದೇವೆ, ಸಮಸ್ಯೆ ಬಗೆಹರಿದಿದೆ’ ಎಂದು ತಿಳಿಸಿದರು. ಹೊಸ ಪೇಸ್ಲಿಪ್‌ನಲ್ಲಿ ಕೋಡ್ 1257L M1 ಎಂದಿತ್ತು, ತೆರಿಗೆ 490 ಪೌಂಡಿಗೆ ಇಳಿದಿತ್ತು. ಎಚ್ಚರಿಕೆ ಬೇಕಾದದ್ದು ಇಲ್ಲಿಯೇ. 42,000 ಸಂಬಳಕ್ಕೆ ತಿಂಗಳಿಗೆ 490 ಎಂಬುದು ಅಂತರ್ಜಾಲದ ಯಾವ ಲೆಕ್ಕದ ಪುಟದಲ್ಲಿ ನೋಡಿದರೂ ಸರಿಯಾಗಿಯೇ ಬರುತ್ತದೆ. ಸಹೋದ್ಯೋಗಿಯ ಪೇಸ್ಲಿಪ್‌ನಲ್ಲಿಯೂ ಅದೇ ಅಂಕಿ ಇರುತ್ತದೆ. ಆದರೆ M1 ಎಂದರೆ ಆ ತಿಂಗಳನ್ನು ಮಾತ್ರ ನೋಡು, ಹಿಂದಿನದನ್ನು ಮರೆತುಬಿಡು ಎಂದು ಯಂತ್ರಕ್ಕೆ ಕೊಟ್ಟ ಆಜ್ಞೆ. ಅದು ಇರುವವರೆಗೆ ಹಿಂದೆ ಹೆಚ್ಚಾಗಿ ಹೋದ ತೆರಿಗೆಯಲ್ಲಿ ಒಂದು ಪೆನ್ನಿಯೂ ಸಂಬಳದ ಮೂಲಕ ವಾಪಸಾಗುವುದಿಲ್ಲ. ‘ಮುಂದಿನ ತಿಂಗಳು ತಾನೇ ಹೊಂದಿಕೊಳ್ಳುತ್ತದೆ’ ಎಂಬ ಸಮಾಧಾನದ ಮಾತು ಸಂಚಿತ ಕೋಡಿಗೆ ಸಲ್ಲುತ್ತದೆಯೇ ಹೊರತು ಇದಕ್ಕಲ್ಲ. ಕೆಲವು ಸಂಸ್ಥೆಗಳ ಪೇಸ್ಲಿಪ್‌ನಲ್ಲಿ M1 ಬದಲಿಗೆ ಕೋಡಿನ ಕೊನೆಯಲ್ಲಿ X ಎಂದು ಅಚ್ಚಾಗಿರುತ್ತದೆ, ಅರ್ಥ ಅದೇ.

1257L M1 ಸಿಗುವುದು, ಅದೇ ತೆರಿಗೆ ವರ್ಷದಲ್ಲಿ ಬೇರೆ ಕೆಲಸ ಮಾಡಿ ಬಿಟ್ಟವರು ಆರಿಸುವ ಬಿ ಹೇಳಿಕೆಗೆ. ಅಂದರೆ ನನ್ನ ಅರ್ಜಿಯನ್ನು ದಾಖಲಿಸಿದವರು ಎ ಬದಲು ಬಿ ಒತ್ತಿದ್ದರು. ಇದು ಹೊಳೆದ ಮೇಲೆ ಬರೆದ ಪತ್ರ ಕೆಲಸ ಮಾಡಿತು. ಅದರ ಕನ್ನಡ ರೂಪ ಹೀಗಿದೆ:

“ಮಾನ್ಯರೇ, ನನ್ನ ಉದ್ಯೋಗಿ ಸಂಖ್ಯೆಯನ್ನು ವಿಷಯದ ಸಾಲಿನಲ್ಲಿ ಕೊಟ್ಟಿದ್ದೇನೆ. ಕೆಲಸಕ್ಕೆ ಸೇರುವ ಮೊದಲು ಕಳುಹಿಸಿದ ಚೆಕ್‌ಲಿಸ್ಟ್‌ನಲ್ಲಿ ನಾನು ಎ ಹೇಳಿಕೆಯನ್ನು ಆರಿಸಿದ್ದೇನೆ. ಪ್ರತಿಯನ್ನೂ ಆ ದಿನದ ಮಿಂಚಂಚೆಯನ್ನೂ ಲಗತ್ತಿಸಿದ್ದೇನೆ. ನವೆಂಬರ್ ಪೇಸ್ಲಿಪ್‌ನಲ್ಲಿರುವ 1257L M1 ಬಿ ಹೇಳಿಕೆಗೆ ಸಂಬಂಧಿಸಿದ್ದು. ಎಚ್‌ಎಂಆರ್‌ಸಿಯಿಂದ ನನ್ನ ಹೆಸರಿಗೆ ಕೋಡಿನ ಸೂಚನೆ ಬಂದಿದ್ದರೆ ಅದರ ದಿನಾಂಕವನ್ನು ತಿಳಿಸಿರಿ. ಬಂದಿಲ್ಲದಿದ್ದರೆ ಡಿಸೆಂಬರ್ ಸಂಬಳಕ್ಕೆ ಸಂಚಿತ 1257L ಬಳಸಿರಿ. ಹಾಗೆ ಮಾಡಿದರೆ ಡಿಸೆಂಬರ್ ಕೊನೆಗೆ ಒಟ್ಟು ತೆರಿಗೆ ಸುಮಾರು 914 ಪೌಂಡ್ ಆಗಬೇಕು. ಈಗಾಗಲೇ 2,033 ಕಡಿತವಾಗಿರುವುದರಿಂದ ಸುಮಾರು 1,119 ಪೌಂಡ್ ಮರುಪಾವತಿ ಕಾಣಿಸಬೇಕು. ಸಂಬಳದ ಗಡುವಿಗೆ ಮೊದಲು ದಯವಿಟ್ಟು ಖಚಿತಪಡಿಸಿರಿ.”

ಇದರಲ್ಲಿ ತೂಕವಿರುವುದು ದಿನಾಂಕ ಕೇಳಿದ ಸಾಲಿಗೆ. ಇಲಾಖೆಯ ಮೇಲೆ ಹಾಕಿ ಕೈತೊಳೆದುಕೊಳ್ಳಬೇಕಾದರೆ ಅವರು ಇಲಾಖೆಯ ಸೂಚನೆಯನ್ನು ತೋರಿಸಬೇಕಾಗುತ್ತದೆ. ನಿರೀಕ್ಷಿತ ಮೊತ್ತವನ್ನು ಬರೆದದ್ದೂ ಉಪಯೋಗಕ್ಕೆ ಬಂತು, ಏಕೆಂದರೆ ತಿದ್ದಿದವರು ಅದಕ್ಕೆ ತಾಳೆ ನೋಡಿಯೇ ಉತ್ತರಿಸಿದರು. ಡಿಸೆಂಬರ್ ಪೇಸ್ಲಿಪ್‌ನ ತೆರಿಗೆಯ ಸಾಲಿನಲ್ಲಿ ಮೈನಸ್ ಚಿಹ್ನೆಯೊಂದಿಗೆ ಆ ಮೊತ್ತ ಬಂತು, ಒಂದೆರಡು ಪೌಂಡ್ ವ್ಯತ್ಯಾಸದಲ್ಲಿ.

ಈ ನಡುವೆ, ತೆರಿಗೆ ವಾಪಸು ಕೊಡಿಸುತ್ತೇವೆಂದು ಮುಂದೆ ಬಂದ ದಲ್ಲಾಳಿ ಸಂಸ್ಥೆಯೊಂದು ಮರುಪಾವತಿಯಲ್ಲಿ ಪಾಲು ಕೇಳಿತು. ಪೇರೋಲ್ ಮೂಲಕ ಬರುವ ಹಣಕ್ಕೆ ಯಾರಿಗೂ ಶುಲ್ಕ ಕೊಡಬೇಕಿಲ್ಲ.

ಅದೇ ತೆರಿಗೆ ವರ್ಷದಲ್ಲಿ ಅಲ್ಲಿಯೇ ಬೇರೆ ಕೆಲಸ ಮಾಡಿ ಬಿಟ್ಟವರಿಗೆ ನನ್ನ ಪತ್ರ ಹಾಗೆಯೇ ಒಪ್ಪುವುದಿಲ್ಲ. ಕೆಲಸ ಬಿಡುವಾಗ ಹಳೆಯ ಸಂಸ್ಥೆ ಕೊಡುವ ಪಿ45 ಎಂಬ ತೆರಿಗೆ ಪತ್ರವನ್ನು ಹೊಸ ಸಂಸ್ಥೆಗೆ ಕೊಡದೆ ಬಿ ಹೇಳಿಕೆ ಆರಿಸಿದ್ದರೆ M1 ಬರುವುದು ನಿಯಮದಂತೆಯೇ, ಅದಕ್ಕೆ ಪೇರೋಲ್‌ನವರನ್ನು ದೂರುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ ವಾಸಿಸುವವರ ಕೋಡ್ S ಅಕ್ಷರದಿಂದ ಆರಂಭವಾಗುತ್ತದೆ, ದರಗಳೂ ಬೇರೆ. ಏನೇ ಇದ್ದರೂ ಏಪ್ರಿಲ್ 5ಕ್ಕೆ ತೆರಿಗೆ ವರ್ಷ ಮುಗಿದ ಮೇಲೆ ಹಿಂದಿನ ವರ್ಷದ ಹಣವನ್ನು ಸಂಬಳದ ಮೂಲಕ ಹಿಂದಿರುಗಿಸಲು ಸಂಸ್ಥೆಗೆ ಆಗುವುದಿಲ್ಲ. ಆಮೇಲೆ ಸಾಮಾನ್ಯವಾಗಿ ಎಚ್‌ಎಂಆರ್‌ಸಿ ತಾನೇ ಲೆಕ್ಕ ಹಾಕಿ ಪಿ800 ಪತ್ರ ಕಳುಹಿಸುವವರೆಗೆ ಕಾಯಬೇಕಾಗುತ್ತದೆ. ಆದ್ದರಿಂದ ಪತ್ರವನ್ನು ಮಾರ್ಚ್ ತಿಂಗಳ ಸಂಬಳದ ಗಡುವಿಗೆ ಸಾಕಷ್ಟು ಮೊದಲೇ ಬರೆಯಿರಿ.