ತೊಡೆಗೆ ವಾರಕ್ಕೆ ಎಷ್ಟು ಸೆಟ್: ಹತ್ತೇ, ಇಪ್ಪತ್ತೇ, ಏರಿಳಿತವೇ?

ನನ್ನ ಕಾಕಾ ಹರೆಯದಲ್ಲಿ ಗರಡಿಯಲ್ಲಿ ಬೈಠಕ್ ಹೊಡೆದವರು. ನಾನು ನೋಟ್‌ಬುಕ್ಕಿನಲ್ಲಿ ಸೆಟ್‌ಗಳನ್ನು ಬರೆದಿಡುವುದನ್ನು ಕಂಡು ಅವರಿಗೆ ನಗು. "ತಮ್ಮಾ, ಮೈ ಬೆವತು ಕಾಲು ನಡುಗಿದರೆ ಸಾಕು, ಲೆಕ್ಕ ಯಾಕೆ?" ಎಂದರು. ಕಾಲು ನಡುಗಿದ ಮಾತ್ರಕ್ಕೆ ತೊಡೆ ಬೆಳೆಯುವುದಿಲ್ಲ ಎಂದು ಅವರಿಗೆ ಆಗ ಹೇಳಲಾಗಲಿಲ್ಲ, ಏಕೆಂದರೆ ನನಗೇ ಗೊತ್ತಿರಲಿಲ್ಲ. ಬಾಗಲಕೋಟೆಯ ನವನಗರದ ಒಂದು ಸಣ್ಣ ಜಿಮ್ಮಿನಲ್ಲಿ ಜೂನ್‌ನಿಂದ ಮಾರ್ಚ್‌ವರೆಗೆ ಮೂರು ಪದ್ಧತಿಗಳನ್ನು ಒಂದಾದ ಮೇಲೊಂದು ನಡೆಸಿ ನೋಡಿದೆ. ಮೂರೂ ತೊಡೆಯ ಮುಂಭಾಗದ ಸ್ನಾಯುವಿಗೆ ಸಂಬಂಧಿಸಿದವು. ಎದೆಯ ಸುತ್ತಳತೆ ಉಸಿರಿನೊಂದಿಗೆ ಬದಲಾಗುತ್ತದೆ, ತೊಡೆಯದು ಅಷ್ಟು ಮೋಸ ಮಾಡುವುದಿಲ್ಲ.

ಮೊದಲು ಯಾವುದನ್ನು ಸೆಟ್ ಎಂದು ಎಣಿಸಿದೆ ಎನ್ನುವುದನ್ನು ಹೇಳಬೇಕು. ನಡುವೆ ನಿಲ್ಲಿಸದೆ ತೂಕ ಎತ್ತಿ ಇಳಿಸುವ ಒಂದು ಸುತ್ತು ಒಂದು ಸೆಟ್, ಅದರೊಳಗೆ ಪ್ರತಿ ಸಲ ಎತ್ತಿ ಇಳಿಸಿದ್ದು ಒಂದು ರೆಪ್. ಮೈ ಬಿಸಿ ಮಾಡಿಕೊಳ್ಳಲು ಎತ್ತಿದ ಹಗುರ ಸೆಟ್‌ಗಳು ಲೆಕ್ಕಕ್ಕಿಲ್ಲ. ಇನ್ನು ಒಂದೋ ಎರಡೋ, ಹೆಚ್ಚೆಂದರೆ ಮೂರು ರೆಪ್ ಮಾತ್ರ ಸಾಧ್ಯ ಎನ್ನುವ ಹಂತದಲ್ಲಿ ನಿಲ್ಲಿಸಿದ ಸೆಟ್ ಮಾತ್ರ ನನ್ನ ಲೆಕ್ಕಕ್ಕೆ. ಹೆಗಲ ಮೇಲೆ ತೂಕ ಹೊತ್ತು ಬೈಠಕ್ ಹೊಡೆಯುವ ಸ್ಕ್ವಾಟ್, ಯಂತ್ರದಲ್ಲಿ ಕಾಲಿನಿಂದ ತೂಕ ತಳ್ಳುವ ಲೆಗ್ ಪ್ರೆಸ್, ಕುಳಿತು ಮಂಡಿ ನೀಡಿ ತೂಕ ಎತ್ತುವ ಲೆಗ್ ಎಕ್ಸ್‌ಟೆನ್ಷನ್ ಮೂರೂ ತೊಡೆಗೆ ಪೂರ್ತಿ ಒಂದೊಂದು. ಅಳತೆ ಮಂಡಿಚಿಪ್ಪಿನ ಮೇಲಂಚಿನಿಂದ 15 ಸೆಂಟಿಮೀಟರ್ ಮೇಲೆ, ಬೆಳಿಗ್ಗೆ, ವ್ಯಾಯಾಮದ ಹಿಂದಿನ ದಿನ ಬಿಡುವಿದ್ದಾಗ.

ಮೊದಲ ಪದ್ಧತಿ ವಾರಕ್ಕೆ ಹತ್ತು ಸೆಟ್, ಹೆಚ್ಚಿಲ್ಲ, ಕಡಿಮೆಯಿಲ್ಲ. 2017ರಲ್ಲಿ ವ್ಯಾಯಾಮ ಸಂಶೋಧಕ ಬ್ರಾಡ್ ಷೋನ್‌ಫೆಲ್ಡ್ ಮತ್ತು ಸಂಗಡಿಗರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಂದು ಸ್ನಾಯುವಿಗೆ ವಾರಕ್ಕೆ ಐದಕ್ಕಿಂತ ಕಡಿಮೆ ಸೆಟ್ ಮಾಡಿದವರಿಗಿಂತ ಹತ್ತು ಅಥವಾ ಹೆಚ್ಚು ಮಾಡಿದವರಲ್ಲಿ ಬೆಳವಣಿಗೆ ಹೆಚ್ಚಿತ್ತು. ಆ ಹತ್ತನ್ನೇ ಹಿಡಿದೆ. ಮಂಗಳವಾರ ಐದು, ಶುಕ್ರವಾರ ಐದು. ಹನ್ನೆರಡು ವಾರಗಳಲ್ಲಿ ಸ್ಕ್ವಾಟ್ 70 ಕಿಲೋ ಎಂಟು ರೆಪ್‌ಗಳಿಂದ 80 ಕಿಲೋ ಎಂಟಕ್ಕೆ ಬಂತು. ತೊಡೆ 54ರಿಂದ 54.9 ಸೆಂಟಿಮೀಟರ್ ಆಯಿತು. ಕಾಲೇಜಿನ ಕೆಲಸಕ್ಕೆ ಅಡ್ಡಿಯಾಗಲಿಲ್ಲ, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಗಲಿಲ್ಲ. ದೋಷವೆಂದರೆ ಕೊನೆಯ ಮೂರು ವಾರ ಏನೂ ಕದಲಲಿಲ್ಲ.

ಹತ್ತು ಇಷ್ಟು ಕೊಟ್ಟರೆ ಇಪ್ಪತ್ತು ಎಷ್ಟು ಕೊಟ್ಟೀತು ಎಂಬ ಆಸೆಯಿಂದ ಸೆಪ್ಟೆಂಬರ್‌ನಲ್ಲಿ ಒಂದೇ ವಾರಕ್ಕೆ ಇಪ್ಪತ್ತಕ್ಕೆ ಹಾರಿದೆ. ಎರಡನೆಯ ವಾರ ಟೇಪ್ 55.9 ತೋರಿಸಿತು! ಹಿಗ್ಗಿ ಕಾಕಾನಿಗೂ ಹೇಳಿದೆ. ಅದು ಸ್ನಾಯುವಲ್ಲ, ಬಾವು. ಅಭ್ಯಾಸವಿಲ್ಲದ ಕೆಲಸ ಬಿದ್ದಾಗ ಸ್ನಾಯುವಿನಲ್ಲಿ ನೀರು ತುಂಬುತ್ತದೆ, ಮೊದಲ ವಾರಗಳ ಅಳತೆಯನ್ನು ನಂಬಿದವನು ಮೋಸಹೋಗುತ್ತಾನೆ. ಐದನೆಯ ವಾರದಿಂದ 80 ಕಿಲೋ ಸ್ಕ್ವಾಟ್ ಎಂಟು ರೆಪ್‌ಗಳಿಂದ ಆರಕ್ಕೆ ಇಳಿಯಿತು, ಮಂಡಿಚಿಪ್ಪಿನ ಕೆಳಗೆ ನೋವು ಹುಟ್ಟಿತು. ಅದಕ್ಕಿಂತ ಕೆಟ್ಟದ್ದು ನೋಟ್‌ಬುಕ್ಕಿನಲ್ಲಿ ಕಾಣದ ಸಂಗತಿ: ಮುಂದೆ ಇನ್ನೂ ಏಳು ಸೆಟ್ ಇವೆ ಎಂದು ಗೊತ್ತಿದ್ದ ಮನಸ್ಸು ಪ್ರತಿ ಸೆಟ್‌ನಲ್ಲೂ ನಾಲ್ಕೈದು ರೆಪ್ ಉಳಿಸಿಕೊಳ್ಳತೊಡಗಿತು. ಕಾಗದದ ಮೇಲೆ ಇಪ್ಪತ್ತು, ನಿಜವಾಗಿ ಸೆಟ್ ಎನಿಸಿಕೊಳ್ಳುವವು ಹನ್ನೊಂದೋ ಹನ್ನೆರಡೋ. ಒಂಬತ್ತನೆಯ ವಾರ ಕೈಬಿಟ್ಟು, ಹತ್ತು ದಿನ ಬಿಡುವು ಕೊಟ್ಟು ಅಳೆದರೆ 55.1. ಎರಡು ತಿಂಗಳಿಗೂ ಹೆಚ್ಚಿನ ದುಡಿಮೆಗೆ ಎರಡು ಮಿಲಿಮೀಟರ್.

ಇಪ್ಪತ್ತು ಸೆಟ್ ಯಾರಿಗೂ ಬೇಡ ಎಂದು ಇದರ ಅರ್ಥವಲ್ಲ. ಹದಿನೇಳು ಮಾಡುತ್ತಿದ್ದವನಿಗೆ ಇಪ್ಪತ್ತು ಒಂದು ಹೆಜ್ಜೆ, ಹತ್ತು ಮಾಡುತ್ತಿದ್ದವನಿಗೆ ಪ್ರಪಾತ. ಸ್ಕಾರ್ಪೆಲ್ಲಿ ಮತ್ತು ಸಂಗಡಿಗರ ಒಂದು ಪ್ರಯೋಗ ಇದನ್ನೇ ಚೆನ್ನಾಗಿ ತೋರಿಸುತ್ತದೆ. ಆಗಲೇ ವ್ಯಾಯಾಮ ಮಾಡುತ್ತಿದ್ದ 16 ಗಂಡಸರ ಒಂದು ಕಾಲಿಗೆ ಎಲ್ಲರಿಗೂ ಒಂದೇ ಲೆಕ್ಕ, ವಾರಕ್ಕೆ 22 ಸೆಟ್. ಇನ್ನೊಂದು ಕಾಲಿಗೆ ಅವರವರು ಮೊದಲು ಮಾಡುತ್ತಿದ್ದುದಕ್ಕಿಂತ ಶೇಕಡಾ 20 ಹೆಚ್ಚು. ಎಂಟು ವಾರಗಳಾದ ಮೇಲೆ ಸರಾಸರಿಯಲ್ಲಿ ಹೆಚ್ಚು ಬೆಳೆದದ್ದು ಎರಡನೆಯ ಕಾಲು.

ಹಾಗಾಗಿ ಡಿಸೆಂಬರ್‌ನಲ್ಲಿ ಮೂರನೆಯ ಪದ್ಧತಿ. ನನ್ನ ಹತ್ತಕ್ಕೆ ಶೇಕಡಾ 20 ಕೂಡಿಸಿ ಹನ್ನೆರಡರಿಂದ ಆರಂಭಿಸಿದೆ. ಮುಂದಿನ ನಿರ್ಧಾರವನ್ನು ಕ್ಯಾಲೆಂಡರ್‌ಗೆ ಬಿಡದೆ ನೋಟ್‌ಬುಕ್ಕಿಗೆ ಒಪ್ಪಿಸಿದೆ. ತೂಕವೋ ರೆಪ್ಪೋ ಏರುತ್ತಿದ್ದರೆ ಸೆಟ್ ಮುಟ್ಟಬಾರದು. ಎರಡು ವಾರ ಸತತವಾಗಿ ನಿಂತರೆ ಆಗ ಒಂದು ಪ್ರಶ್ನೆ: ನಿದ್ರೆ ಸರಿಯಿದೆಯೇ, ಮುಂದಿನ ಸರದಿ ಬರುವ ಹೊತ್ತಿಗೆ ನೋವು ಹೋಗಿರುತ್ತದೆಯೇ? ಹೌದಾದರೆ ಕೆಲಸ ಕಡಿಮೆಯಾಗಿದೆ, ವಾರಕ್ಕೆ ಎರಡು ಸೆಟ್ ಕೂಡಿಸಬೇಕು. ಇಲ್ಲವಾದರೆ ಕೆಲಸ ಹೆಚ್ಚಾಗಿದೆ, ಒಂದು ವಾರ ಅರ್ಧ ಮಾಡಿ ಹಿಂದಿನ ಮೆಟ್ಟಿಲಿಗೆ ಇಳಿಯಬೇಕು. ನಿಂತದ್ದು ಎರಡು ಕಡೆಯೂ ಒಂದೇ ರೀತಿ ಕಾಣುತ್ತದೆ, ಕಾರಣ ಮಾತ್ರ ಎದುರುಬದುರು. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ, ದಣಿದವನೂ ಸೆಟ್ ಕೂಡಿಸುತ್ತಾನೆ.

ನಡೆದದ್ದು ಹೀಗೆ. ಬಿಡುವಿನ ನಂತರ 77.5 ಕಿಲೋದಿಂದ ಶುರುವಾದ ಸ್ಕ್ವಾಟ್ ಐದು ವಾರದಲ್ಲಿ 82.5ಕ್ಕೆ ಬಂದು ನಿಂತಿತು. ಎರಡು ವಾರ ಕಾದೆ. ನಿದ್ರೆ ಚೆನ್ನಾಗಿತ್ತು, ಮಂಗಳವಾರದ ನೋವು ಗುರುವಾರಕ್ಕೆ ಮಾಯವಾಗುತ್ತಿತ್ತು. ಹದಿನಾಲ್ಕಕ್ಕೆ ಏರಿಸಿದೆ, ವ್ಯಾಯಾಮದ ದಿನಕ್ಕೊಂದು ಲೆಗ್ ಪ್ರೆಸ್ ಸೆಟ್ ಹೆಚ್ಚು, ಅಷ್ಟೇ. ಮುಂದಿನ ವಾರಗಳಲ್ಲಿ 87.5. ಮತ್ತೆ ನಿಂತಿತು, ಹದಿನಾರು ಮಾಡಿದೆ. ಅಷ್ಟರಲ್ಲಿ ಪರೀಕ್ಷೆಯ ಕೆಲಸ ಬಂತು, ಬಿಸಿಲೂ ಏರಿತು, ನಿದ್ರೆ ಐದು ಗಂಟೆಗೆ ಇಳಿಯಿತು. ಎರಡೇ ವಾರದಲ್ಲಿ ರೆಪ್ ಎಂಟರಿಂದ ಆರಕ್ಕೆ ಬಂತು. ಈ ಸಲ ಹಟ ಮಾಡಲಿಲ್ಲ. ಒಂದು ವಾರ ಎಂಟೇ ಸೆಟ್, ಆಮೇಲೆ ಹದಿನಾಲ್ಕು. ಮಾರ್ಚ್ ಕೊನೆಗೆ 90 ಕಿಲೋ ಎಂಟು ರೆಪ್, ತೊಡೆ 56.2.

ಇದರ ಜೊತೆ ಇನ್ನೊಂದು ಕಟ್ಟಳೆ ಇಟ್ಟುಕೊಂಡಿದ್ದೆ. ತೊಡೆಗೆ ಏರಿಸುವಾಗ ಎದೆ ಮತ್ತು ತೋಳುಗಳನ್ನು ವಾರಕ್ಕೆ ಆರು ಸೆಟ್‌ಗೆ ನಿಲ್ಲಿಸಿದೆ. ಸ್ನಾಯುಗಳು ಬೇರೆ ಬೇರೆಯಾದರೂ ಅವುಗಳಿಗೆ ಸಿಗುವ ನಿದ್ರೆ ಮತ್ತು ಊಟ ಒಂದೇ ಗಡಿಗೆಯದು. ಎಲ್ಲವನ್ನೂ ಹದಿನಾರಕ್ಕೆ ಏರಿಸಿದ್ದರೆ ಮೂರನೆಯ ಪದ್ಧತಿ ಎರಡನೆಯದೇ ಆಗಿಬಿಡುತ್ತಿತ್ತು.

ಈ ಹೋಲಿಕೆ ತಕ್ಕಡಿಯಲ್ಲಿ ತೂಗಿದಷ್ಟು ನಿಖರವಲ್ಲ ಎನ್ನುವುದನ್ನೂ ಹೇಳಬೇಕು. ಮೂರನೆಯದಕ್ಕೆ ಹದಿನೇಳು ವಾರ ಸಿಕ್ಕವು, ಎರಡನೆಯದಕ್ಕೆ ಒಂಬತ್ತು. ಚಳಿಗಾಲದಲ್ಲಿ ರೊಟ್ಟಿಯ ಜೊತೆ ಮೊಸರು, ಶೇಂಗಾ ಹಿಂಡಿ ಎಲ್ಲವೂ ಹೆಚ್ಚು ಇಳಿಯುತ್ತಿದ್ದವು, ದೇಹದ ತೂಕ ಒಟ್ಟು ಎರಡೂವರೆ ಕಿಲೋ ಏರಿತು, ಅದರಲ್ಲಿ ಒಂದಿಷ್ಟು ಕೊಬ್ಬು ತೊಡೆಯಲ್ಲೂ ಕುಳಿತಿರಬೇಕು. ಸಮಯವೇ ಇಲ್ಲದವರಿಗೆ ನಾನು ಇಂದಿಗೂ ಹತ್ತನ್ನೇ ಹೇಳುತ್ತೇನೆ, ಇಪ್ಪತ್ತಕ್ಕೆ ಹಾರುವುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಆ ತಗಡಿನ ಛಾವಣಿಯ ಕೆಳಗೆ ಬೆಳೆಯುವ ಆಸೆ ಬಿಟ್ಟು ಐದು ಸೆಟ್‌ಗೆ ಇಳಿದೆ, ಎತ್ತುವ ತೂಕ ಮಾತ್ರ ಇಳಿಸಲಿಲ್ಲ. ಗಳಿಸಿದ್ದನ್ನು ಉಳಿಸಿಕೊಳ್ಳಲು ಗಳಿಸುವಾಗಿನಷ್ಟು ಕೆಲಸ ಬೇಡ. ಮೇ ಕೊನೆಗೆ ಟೇಪ್ 56 ತೋರಿಸಿತು. ಜೂನ್‌ನಲ್ಲಿ ಹದಿನಾಲ್ಕಕ್ಕೆ ನೇರವಾಗಿ ಮರಳದೆ ಎಂಟರಿಂದ ಮೇಲೇರಿದೆ. ಈಗ ಬೆನ್ನಿನ ಸರದಿ, ತೊಡೆ ಆರು ಸೆಟ್‌ನಲ್ಲಿ ಕಾಯುತ್ತಿದೆ.