ಮಲ್ಟಿವಿಟಮಿನ್ನಾ, ಫಿಶ್ ಆಯಿಲ್ಲಾ, ಅಥ್ವಾ ಬರೀ ಬೂತಾಯಿ ಮೀನಾ: ತೂಕ ಇಳಿಸ್ವಾಗ ನಾನು ನೋಡಿದ್ದು

ಏಪ್ರಿಲ್ ಮಧ್ಯದಲ್ಲಿ 86 ಕೆಜಿ ಇದ್ದೆ. ಶಿವಮೊಗ್ಗದಲ್ಲಿ ಕೂತು ಮಾಡೋ ಕೆಲ್ಸ. ಬೆಳಿಗ್ಗೆ ನಾಲ್ಕು ಅಕ್ಕಿ ರೊಟ್ಟಿ ತಿಂತಿದ್ದವ್ನು ಎರಡಕ್ಕೆ ಇಳ್ದೆ, ಜೊತೆಗೆ ಎರಡು ಮೊಟ್ಟೆ, ರಾತ್ರಿ ಅನ್ನ ಅರ್ಧಕ್ಕರ್ಧ, ದಿನಾ ಒಂದು ಗಂಟೆ ವಾಕಿಂಗ್. ಇದ್ಯಾವ್ದನ್ನೂ ಬದಲಾಯಿಸ್ದೆ ಮೊದಲ ಆರು ವಾರ ಮಲ್ಟಿವಿಟಮಿನ್, ಆಮೇಲೆ ಆರು ವಾರ ಫಿಶ್ ಆಯಿಲ್, ಕೊನೇ ಆರು ವಾರ ಏನೂ ಇಲ್ಲ, ಹೀಗೆ ನೋಡಿದೆ.

ಮಲ್ಟಿವಿಟಮಿನ್ ಆರು ವಾರದಲ್ಲಿ 3.4 ಕೆಜಿ ಇಳೀತು. ಫಿಶ್ ಆಯಿಲಲ್ಲಿ 2.2, ಏನೂ ಇಲ್ದೆ 2.1. ಇಷ್ಟೇ ನೋಡಿದ್ರೆ ಯಾರಾದ್ರೂ ಮಲ್ಟಿವಿಟಮಿನ್ನೇ ಗೆದ್ದಿದ್ದು ಅಂತಾರೆ, ನಾನೂ ಹಾಗೇ ಅನ್ಕೊಂಡು ಆಫೀಸಲ್ಲಿ ನಾಲ್ಕು ಜನಕ್ಕೆ ಹೇಳ್ಕೊಂಡು ಬಂದಿದ್ದೆ. ಆಮೇಲೆ ತೂಕ ಬರ್ದಿಟ್ಟ ಪುಸ್ತಕ ತೆಗೆದ್ರೆ ಅದ್ರಲ್ಲಿ 1.8 ಕೆಜಿ ಮೊದಲ ಹತ್ತೇ ದಿನದಲ್ಲಿ ಹೋಗಿತ್ತು. ಅದು ಹೆಚ್ಚುಪಾಲು ಕೊಬ್ಬಲ್ಲ ಮಾರಾಯ್ರೆ, ನೀರು. ಅನ್ನ ರೊಟ್ಟಿ ಕಮ್ಮಿ ಮಾಡಿದ ತಕ್ಷಣ ಮೈಯಲ್ಲಿ ಕೂಡಿಟ್ಟಿದ್ದ ಗ್ಲೈಕೋಜನ್ ಅನ್ನೋ ಸಕ್ಕರೆ ದಾಸ್ತಾನು ಕಮ್ಮಿಯಾಗುತ್ತೆ, ಅದ್ರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತೆ. ಆ ಹತ್ತು ದಿನ ಬಿಟ್ಟು ಲೆಕ್ಕ ಹಾಕಿದ್ರೆ ಮೂರೂ ಸುತ್ತಲ್ಲಿ ವಾರಕ್ಕೆ 350 ಗ್ರಾಂ ಆಸುಪಾಸೇ. ಮೊದಲು ಫಿಶ್ ಆಯಿಲ್ ಶುರು ಮಾಡಿದ್ರೆ ಅದನ್ನೇ ಹೊಗಳ್ತಿದ್ದೆ. ಡಯಟ್ ಜೊತೇಲೇ ಮಾತ್ರೆ ಶುರು ಮಾಡಿದವ್ರೆಲ್ಲ ಮಾತ್ರೇನ ಹೊಗಳೋದು ಇದಕ್ಕೇ ಇರ್ಬೇಕು.

ಮಲ್ಟಿವಿಟಮಿನ್ನಿಂದ ಕಣ್ಣಿಗೆ ಕಂಡ ಬದಲಾವಣೆ ಅಂದ್ರೆ ಮೂತ್ರ ಹಳದಿ ಬಲ್ಬಿನ ಥರ ಆಗಿದ್ದು. ಹೆದ್ರಬೇಡಿ, ಹೆಚ್ಚಾದ ಬಿ2 ಹೊರಗೆ ಹೋಗೋದು ಅಷ್ಟೇ. ಖಾಲಿ ಹೊಟ್ಟೇಲಿ ತಗೊಂಡ ದಿನ ವಾಕರಿಕೆ ಬಂತು, ತಿಂಡಿ ಆದ್ಮೇಲೆ ತಗೊಂಡ್ರೆ ಇಲ್ಲ.

ಫಿಶ್ ಆಯಿಲ್ ವಿಷ್ಯ ಸ್ವಲ್ಪ ಬೇರೆ. ಜೂನ್ ಒಂದರಿಂದ ಎರಡು ತಿಂಗ್ಳು ಕರಾವಳಿಯಲ್ಲಿ ಯಾಂತ್ರಿಕ ಬೋಟು ಕಡಲಿಗೆ ಇಳಿಯಂಗಿಲ್ಲ, ಮೇಲಿಂದ ಆಗುಂಬೆ ಕಡೆ ಮಳೆ, ನಮ್ಮಲ್ಲಿಗೆ ಬರೋ ಮೀನು ಕಮ್ಮಿ, ರೇಟೂ ಜಾಸ್ತಿ, ಹಂಗಾಗಿ ಆ ಟೈಮಿಗೆ ಕ್ಯಾಪ್ಸೂಲ್ ತಗೊಂಡೆ. ಡಬ್ಬಿ ಮುಂದೆ ದಪ್ಪಕ್ಷರದಲ್ಲಿ 1000 ಮಿಲಿಗ್ರಾಂ ಅಂತಿತ್ತು, ಹಿಂದೆ ತಿರುಗ್ಸಿದ್ರೆ ಇಪಿಎ 180, ಡಿಎಚ್‌ಎ 120. ಅಂದ್ರೆ ನಮಗೆ ಬೇಕಾದ ಒಮೆಗಾ 3 ಬರೀ 300, ಮಿಕ್ಕಿದ್ದು ಬೇರೆ ಎಣ್ಣೆ. ಒಂದು ಗ್ರಾಂ ಬೇಕಂದ್ರೆ ಮೂರ್ನಾಲ್ಕು ನುಂಗ್ಬೇಕು. ಅಷ್ಟು ಒಮೆಗಾ 3 ಬೂತಾಯಿ ಚೆನ್ನಾಗಿ ಸಿಗೋ ದಿನದಲ್ಲಿ ಒಂದು ತಟ್ಟೆ ಪುಳಿಮುಂಚಿಯಲ್ಲೇ ಬರುತ್ತೆ, ಜೊತೆಗೆ ಪ್ರೋಟೀನೂ ಸಿಗುತ್ತೆ, ಡಯಟಲ್ಲಿ ಹೊಟ್ಟೆ ತುಂಬ್ಸೋದು ಅದೇ. ಇನ್ನೊಂದು, ಮೂರನೇ ವಾರ ತೇಗು ಬಂದ್ರೆ ಹಳೇ ಪೇಂಟಿನ ವಾಸನೆ. ಒಂದು ಕ್ಯಾಪ್ಸೂಲ್ ಪಿನ್ನಿಂದ ಚುಚ್ಚಿ ಮೂಸಿದೆ, ಎಣ್ಣೆ ಹಳಸಿತ್ತು. ಪೂರ್ತಿ ಡಬ್ಬಿ ಚೆಲ್ಲಿ ಹೊಸದು ತಗೊಂಡೆ. ಟ್ರೈಗ್ಲಿಸರೈಡ್ ತುಂಬಾ ಹೆಚ್ಚಿದ್ದವ್ರಿಗೆ ಡಾಕ್ಟ್ರು ದೊಡ್ಡ ಡೋಸಲ್ಲಿ ಒಮೆಗಾ 3 ಕೊಡ್ತಾರೆ, ಅದು ನಿಜ, ಆದ್ರೆ ಹೊಟ್ಟೆ ಕರಗಿಸೋಕಲ್ಲ.

ನಿಜವಾಗ್ಲೂ ಮಾತ್ರೆ ಕೆಲ್ಸ ಮಾಡಿದ್ದು ನಂಗಲ್ಲ, ಭಟ್ರಿಗೆ. ನನ್ ಜೊತೇನೇ ಡಯಟ್ ಶುರು ಮಾಡಿದ ಸಹೋದ್ಯೋಗಿ, ಶುದ್ಧ ಸಸ್ಯಾಹಾರಿ, ಕೊಬ್ಬು ಅಂತ ಹಾಲು ಮೊಸರೂ ಬಿಟ್ಟಿದ್ರು. ಜುಲೈ ಹೊತ್ತಿಗೆ ಪಾದ ಜುಂ ಅಂತಿತ್ತು, ಮೆಟ್ಲು ಹತ್ತೋಕೂ ಸುಸ್ತು. "ಡಯಟ್ ಮಾಡ್ತಿದೀನಲ್ಲ, ಸುಸ್ತು ಇರ್ದೆ ಏನು" ಅಂತಿದ್ರು. ಬಲವಂತ ಮಾಡಿ ರಕ್ತ ಟೆಸ್ಟ್ ಮಾಡಿಸಿದ್ರೆ ಬಿ12 148, ಲ್ಯಾಬಿನ ಪ್ರಕಾರ 200ರ ಮೇಲಿರ್ಬೇಕು. ಇದು ಎರಡ್ಮೂರು ತಿಂಗ್ಳು ಮೊಸರು ಬಿಟ್ಟಿದ್ದಕ್ಕೇ ಆಗಿದ್ದಲ್ಲ, ಬಿ12 ಯಕೃತ್ತಿನಲ್ಲಿ ವರ್ಷಗಟ್ಲೆ ದಾಸ್ತಾನು ಇರುತ್ತೆ, ಇವ್ರದ್ದು ಮೊದ್ಲೇ ತಳ ಕಂಡಿತ್ತು.

"ನಾನೂ ಮಲ್ಟಿವಿಟಮಿನ್ ತಗೊಳ್ತಿದ್ನಲ್ಲ" ಅಂತ ಅವ್ರ ತಕರಾರು. ಅದ್ರಲ್ಲಿದ್ದಿದ್ದು 1 ಮೈಕ್ರೋಗ್ರಾಂ. ಡಾಕ್ಟ್ರು ಕೊಟ್ಟಿದ್ದು 1500. ಅಷ್ಟು ಯಾಕಂದ್ರೆ ಕರುಳು ಒಂದ್ಸಲಕ್ಕೆ ಸರಿಯಾಗಿ ಹೀರೋದು ಒಂದೆರಡು ಮೈಕ್ರೋಗ್ರಾಂ ಅಷ್ಟೇ, ಮಿಕ್ಕಿದ್ರಲ್ಲಿ ಶೇಕಡಾ ಒಂದರಷ್ಟು ಸುಮ್ನೆ ಸೋರಿ ಒಳಗೆ ಹೋಗುತ್ತೆ. ಹಿಂಗೆ ಅನುಮಾನ ಇರೋವ್ರು ಮಾತ್ರೆ ಶುರು ಮಾಡೋಕೆ ಮುಂಚೆ ಟೆಸ್ಟ್ ಮಾಡಿಸಿ, ಆಮೇಲೆ ಮಾಡಿಸಿದ್ರೆ ನಂಬರ್ ಮೇಲೆ ಕಾಣಿಸಿ ದಾರಿ ತಪ್ಸುತ್ತೆ.

ಎರಡು ತಿಂಗ್ಳಲ್ಲಿ ಭಟ್ರ ಪಾದದ ಜುಂ ಹೆಚ್ಚುಕಮ್ಮಿ ಹೋಯ್ತು. ತೂಕ ಮಾತ್ರ ಮೊದ್ಲಿನ ವೇಗದಲ್ಲೇ ಇಳೀತಾ ಇದೆ, ಮೊಸರು ಮತ್ತೆ ಊಟಕ್ಕೆ ಬಂದಿದೆ. ನನ್ನ ಮಲ್ಟಿವಿಟಮಿನ್ ಡಬ್ಬಿ ಅರ್ಧ ಉಳಿದಿದ್ದು ಫ್ರಿಜ್ ಮೇಲೆ ಇದೆ, ಯಾರಿಗಾದ್ರೂ ಬೇಕಂದ್ರೆ ತಗೊಂಡೋಗಿ.